ಬೋಲ್ಟ್ ಬಿಗಿಯಾಗಿದ್ದರೂ ಬೆಂಚು ಅಲ್ಲಾಡುವುದೇಕೆ?

ಗ್ಯಾರೇಜು, ಫಿಟ್ಟಿಂಗ್ ಅಂಗಡಿಗಳಿಗೆ ಮರದ ಬೆಂಚು ಮಾಡಿಕೊಡುವುದು ನನ್ನ ಕೆಲಸದಲ್ಲಿ ಒಂದು ಪಾಲು. ಅಳತೆ ಕೊಡುವಾಗಲೇ ಮಾಲೀಕರು ಹೇಳಿಬಿಡುತ್ತಾರೆ: "ಬೋಲ್ಟ್ ಜಾಸ್ತಿ ಹೊಡೀರಿ ಅಣ್ಣಾ, ಗಟ್ಟಿಯಾಗಿರಲಿ." ಬೋಲ್ಟ್‌ ಇರುವುದು ಎರಡು ಮರಗಳನ್ನು ಒತ್ತಿ ಹಿಡಿಯಲಿಕ್ಕೆ. ಭಾರ ಹೊರುವುದು ಮರದ ಕೆಲಸ, ಅಲ್ಲಾಟ ತಡೆಯುವುದು ಓರೆಪಟ್ಟಿಯ ಕೆಲಸ.

ಈಚೆಗೆ ಮಾಡಿದ ಒಂದು ಬೆಂಚನ್ನೇ ತೆಗೆದುಕೊಳ್ಳಿ. ಆರು ಅಡಿ ಉದ್ದ, ಎರಡು ಅಡಿ ಅಗಲ, ಮೇಲೆ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ದೊಡ್ಡ ವೈಸ್ ಕೂರಬೇಕು. ಮೂರೂವರೆ ಇಂಚು ಚೌಕದ ಸಿಲ್ವರ್ ಓಕ್ ಕಾಲು, ಒಂದೂವರೆ ಇಂಚು ದಪ್ಪದ ಅಡ್ಡಪಟ್ಟಿ. ಪಟ್ಟಿಯನ್ನು ಕಾಲಿನ ಮುಖಕ್ಕೆ ಸುಮ್ಮನೆ ಒರಗಿಸಿ ಬೋಲ್ಟ್ ಹೊಡೆದರೆ ಇಡೀ ಭಾರ ಬೋಲ್ಟಿನ ಮೇಲೆ ಬೀಳುತ್ತದೆ, ವರ್ಷದೊಳಗೆ ತೂತು ಮೊಟ್ಟೆಯಾಕಾರ ಆಗುತ್ತದೆ. ಅದಕ್ಕೇ ಕಾಲಿನ ತಲೆಯಲ್ಲಿ ಮುಕ್ಕಾಲು ಇಂಚು ಆಳಕ್ಕೆ ಕಚ್ಚು ತೆಗೆದು, ಪಟ್ಟಿ ಆ ಕಚ್ಚಿನ ಮೇಲೆ ಕೂರುವಂತೆ ಮಾಡುತ್ತೇನೆ.

ಇಲ್ಲಿ ಹಾಕುವ ಲ್ಯಾಗ್ ಬೋಲ್ಟಿಗೆ, ಅಂದರೆ ನಟ್ ಇಲ್ಲದೆ ಮರವನ್ನೇ ಕಚ್ಚಿ ಕೂರುವ, ಹಾರ್ಡ್‌ವೇರ್ ಅಂಗಡಿಯ ಕೋಚ್ ಸ್ಕ್ರೂಗೆ, ಎರಡು ಅಳತೆಯ ತೂತು ಬೇಕು. 10 ಎಂಎಂ ಬೋಲ್ಟಾದರೆ ಪಟ್ಟಿಯಲ್ಲಿ ಪೂರ್ತಿ 10 ಎಂಎಂ. ಅಲ್ಲಿ ಬೋಲ್ಟಿನ ಮರೆ, ಅಂದರೆ ಅದರ ಸುರುಳಿ ಏಣು, ಕಚ್ಚಬಾರದು. ಕಚ್ಚಿದರೆ ಪಟ್ಟಿಗೂ ಕಾಲಿಗೂ ನಡುವೆ ಉಳಿದ ಸಂದು ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಕಾಲಿನಲ್ಲಿ ಸಿಲ್ವರ್ ಓಕಿಗೆ ಆರೂವರೆ ಎಂಎಂ, ಮತ್ತಿಯಂಥ ಗಟ್ಟಿ ಮರಕ್ಕೆ 7. ಸಣ್ಣದಾದರೆ ಮರ ಸೀಳುತ್ತದೆ, ಇಲ್ಲವೇ ಬೋಲ್ಟಿನ ಕತ್ತೇ ಮುರಿಯುತ್ತದೆ. ದೊಡ್ಡದಾದರೆ ಮರೆಗೆ ಹಿಡಿತವಿಲ್ಲ. ಮೊದಲು ಅದೇ ಮರದ ತುಂಡಿನಲ್ಲಿ ಒಂದು ತಿರುಗಿಸಿ ನೋಡುವುದು ಒಳ್ಳೆಯದು. ಮರೆಗೆ ಸ್ವಲ್ಪ ಮೇಣ ಸವರಿ, ಕೊನೆಯ ಸುತ್ತುಗಳನ್ನು ಸ್ಪ್ಯಾನರಿನಲ್ಲಿ ಕೈಯಲ್ಲೇ ತಿರುಗಿಸಬೇಕು. ವಾಷರ್ ಅಂಚು ಮರಕ್ಕೆ ಅಚ್ಚು ಬೀಳಿಸಲು ಶುರುಮಾಡಿತೋ, ಅಲ್ಲಿಗೆ ನಿಲ್ಲಿಸಿ. ಇಂಪ್ಯಾಕ್ಟ್ ಡ್ರೈವರ್ ಹಿಡಿದ ಹುಡುಗರಿಗೆ ಈ ಹದ ಸಿಗುವುದೇ ಇಲ್ಲ, ಒಳಗೆ ಮರ ಪುಡಿಯಾದ ಮೇಲೆ ಬೋಲ್ಟ್ ಸುಮ್ಮನೆ ಸುತ್ತುತ್ತಿರುತ್ತದೆ.

ಇನ್ನು ಅಲ್ಲಾಟ. ನಾಲ್ಕು ಕಾಲು, ಸುತ್ತ ಪಟ್ಟಿ ಇಷ್ಟೇ ಇದ್ದರೆ ಅದೊಂದು ಚೌಕ, ತಳ್ಳಿದರೆ ಓರೆಯಾಗುತ್ತದೆ. ಎಲ್ಲಿ ದೋಷ ಅಂತ ಹುಡುಕಲು ನಾನು ಕಾಲು-ಪಟ್ಟಿ ಸೇರುವ ಕಡೆ, ಸಂದಿನ ಮೇಲೆ ಅಡ್ಡ ಹಾಯುವಂತೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಒಬ್ಬರು ಬೆಂಚಿನ ಮೂಲೆ ಹಿಡಿದು ಜಗ್ಗಬೇಕು, ಇನ್ನೊಬ್ಬರು ಗೆರೆ ನೋಡಬೇಕು. ಗೆರೆ ಅಲ್ಲಿ ತುಂಡಾಗಿ ಸರಿದರೆ ಜೋಡಣೆ ಜಾರುತ್ತಿದೆ. ಗೆರೆ ನೆಟ್ಟಗೇ ಇದ್ದು ಕಾಲು ಬಳುಕಿದರೆ ಓರೆಪಟ್ಟಿ ಸಾಲದು. ಎರಡೂ ಇಲ್ಲದೆ ಇಡೀ ಬೆಂಚು ಕುಲುಕಿದರೆ ತಪ್ಪು ನೆಲದ್ದು. ಈ ಬೆಂಚಿನಲ್ಲಿ ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ, ಕಾಲು ಮಾತ್ರ ಉದ್ದಕ್ಕೆ ಬಳುಕುತ್ತಿತ್ತು. ಮಾಲೀಕರು ಆಗಲೂ ಇನ್ನೆರಡು ಬೋಲ್ಟ್ ಕೇಳಿದರು!

ಬೆಂಚು ಗೋಡೆಗೆ ಒರಗುವಂಥದ್ದಾಗಿದ್ದರಿಂದ ಹಿಂದುಗಡೆ ಪೂರ್ತಿ 12 ಎಂಎಂ ಪ್ಲೈವುಡ್ ಇಟ್ಟು ಸುತ್ತ ಸ್ಕ್ರೂ ಹೊಡೆದೆವು. ಉದ್ದಕ್ಕೆ ಎಡಬಲ ಎರಡೂ ಕಡೆಯ ತಳ್ಳಾಟಕ್ಕೆ ಇದಕ್ಕಿಂತ ಸುಲಭದ ಮದ್ದಿಲ್ಲ. ಅಗಲದ ಎರಡು ಬದಿಗೆ ಓರೆಪಟ್ಟಿ: ಮೂಲೆಯಿಂದ ಕೆಳಗೆ 18 ಇಂಚು, ಅಡ್ಡಕ್ಕೆ 18 ಇಂಚು ಗುರುತು ಹಾಕಿದರೆ ಪಟ್ಟಿ ಇಪ್ಪತ್ತೈದೂವರೆ ಇಂಚು ಬರುತ್ತದೆ. ಇವೆಲ್ಲ ಹೊಡೆಯುವ ಮೊದಲು ಮೂಲೆಯಿಂದ ಎದುರು ಮೂಲೆಗೆ ಎರಡು ಅಳತೆಯೂ ಸಮ ಇದೆಯೇ ಅಂತ ಟೇಪ್ ಹಿಡಿದು ನೋಡಲೇಬೇಕು. ಓರೆಯಾಗಿದ್ದಾಗ ಹೊಡೆದರೆ ಆ ಓರೆಯೇ ಕಾಯಂ.

ಮೇಲ್ಮೈ ಸಮತಟ್ಟಾಗಬೇಕಾದರೆ ಚೌಕಟ್ಟು ಮೊದಲು ಸಮ ಇರಬೇಕು; ಪ್ಲೈವುಡ್ ಚೌಕಟ್ಟು ಇದ್ದ ಹಾಗೇ ಬಗ್ಗುತ್ತದೆ. ಬೆಂಚು ನಿಲ್ಲುವ ಜಾಗದಲ್ಲೇ, ಕಾಲಡಿ ಚಕ್ಕೆ ಕೊಟ್ಟು ಕುಲುಕಾಟ ತೆಗೆದ ಮೇಲೆ, ಎರಡು ತುದಿಗೆ ನೇರವಾದ ಎರಡು ರೀಪರ್ ಅಡ್ಡಲಾಗಿ ಇಟ್ಟು, ಬಗ್ಗಿ ಒಂದು ಕಣ್ಣಲ್ಲಿ ನೋಡಿ. ಮುಂದಿನದರ ಮೇಲಂಚೂ ಹಿಂದಿನದರ ಮೇಲಂಚೂ ಒಂದೇ ಗೆರೆಯಾಗಬೇಕು. ಒಂದು ತುದಿ ಎದ್ದು ಕಂಡರೆ ಆ ಮೂಲೆಗೆ ಹತ್ತರಿ ಹಿಡಿದು ಹೆರೆಯಬೇಕು. ಆಮೇಲೆ 18 ಎಂಎಂ ಪ್ಲೈವುಡ್ ಎರಡು ಪದರ, ನಡುವೆ ಫೆವಿಕಾಲ್, ಸ್ಕ್ರೂ ಕೆಳಗಿನಿಂದ. ಅದರ ಮೇಲೆ ನೇರಪಟ್ಟಿ ಇಟ್ಟು, ಅಡಿಯಲ್ಲಿ ಅಲ್ಲಲ್ಲಿ ಪೇಪರ್ ಚೂರು ಸಿಕ್ಕಿಸಿ ಎಳೆದರೆ, ಸಲೀಸಾಗಿ ಬಂದ ಕಡೆ ತಗ್ಗಿದೆ ಅಂತ ಲೆಕ್ಕ.

ವೈಸಿಗೆ ಮಾತ್ರ ಲ್ಯಾಗ್ ಬೋಲ್ಟ್ ಬೇಡ. ಅದನ್ನು ಆಗಾಗ ಬಿಚ್ಚಬೇಕಾಗುತ್ತದೆ, ಪ್ರತಿ ಸಲವೂ ಮರದ ಹಿಡಿತ ಸವೆಯುತ್ತದೆ. ಕಾಲಿನ ಪಕ್ಕದಲ್ಲೇ ಕೂರಿಸಿ, ಆರಪಾರ ಹೋಗುವ ಬೋಲ್ಟ್ ಹಾಕಿ ಕೆಳಗೆ ನಟ್ ಬಿಗಿಯಿರಿ. ಮಳೆಗಾಲದಲ್ಲಿ ಕೊಂಡ ಮರವಾದರೆ ಬೇಸಿಗೆಗೆ ಒಣಗಿ ಸಣ್ಣಗಾಗುತ್ತದೆ, ವಾಷರ್ ಬೆರಳಲ್ಲೇ ತಿರುಗುತ್ತದೆ. ಆಗ ಎಲ್ಲ ಬೋಲ್ಟಿಗೂ ಒಮ್ಮೆ 17ರ ಸ್ಪ್ಯಾನರ್ ಹಾಕಿ ಅಂತ ಮಾಲೀಕರಿಗೆ ಹೇಳಿಬಂದಿದ್ದೇನೆ.