ನಕಲಿ ಚಾನೆಲ್‌ಗೆ ಒಂದೇ ದೂರು ಸಾಲದು

ನಕಲಿ ಚಾನೆಲ್ ಕಣ್ಣಿಗೆ ಬಿದ್ದ ದಿನ ವಾಟ್ಸಾಪ್ ಗುಂಪುಗಳಲ್ಲಿ "ಎಲ್ಲರೂ ರಿಪೋರ್ಟ್ ಮಾಡಿ" ಎಂಬ ಸಂದೇಶ ಹರಿದಾಡಲು ಶುರುವಾಗುತ್ತದೆ. ನೂರು ಮಂದಿ ಒತ್ತಿದರೆ ಚಾನೆಲ್ ತಾನಾಗಿ ಬಿದ್ದುಹೋಗುತ್ತದೆ ಎಂಬ ನಂಬಿಕೆ. ಯೂಟ್ಯೂಬ್ ಹಾಗೆ ತಲೆ ಎಣಿಸಿ ಚಾನೆಲ್ ತೆಗೆಯುವುದಿಲ್ಲ. ದೂರನ್ನು ಪರಿಶೀಲಿಸಿ, ನಿಯಮ ಮುರಿದದ್ದು ಕಂಡರೆ ಮಾತ್ರ ಕ್ರಮ ಕೈಗೊಳ್ಳುತ್ತದೆ. ಒಬ್ಬರು ಸ್ಪ್ಯಾಮ್ ಎಂದು, ಮತ್ತೊಬ್ಬರು ದ್ವೇಷ ಭಾಷಣ ಎಂದು, ಮಗದೊಬ್ಬರು ಕೈಗೆ ಸಿಕ್ಕಿದ್ದನ್ನು ಒತ್ತಿದರೆ ಪರಿಶೀಲಿಸುವವರಿಗೆ ಕಾಣುವುದು ಅಡಿಕೆ ತೋಟದ ನಿರುಪದ್ರವಿ ವಿಡಿಯೊ ಮಾತ್ರ. ಅಷ್ಟರಲ್ಲಿ ಕಮೆಂಟುಗಳಲ್ಲಿ ಬೈಗುಳ ಓದಿದ ನಕಲಿಯವನು ಎಚ್ಚೆತ್ತುಕೊಂಡಿರುತ್ತಾನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಯಕ್ಷಗಾನಗಳ ಚಿತ್ರೀಕರಣದ ಜೊತೆಗೆ ಕೆಲವು ಯೂಟ್ಯೂಬ್ ಚಾನೆಲ್‌ಗಳ ಸಂಕಲನವನ್ನೂ ಮಾಡುತ್ತೇನೆ. ಅವುಗಳಲ್ಲೊಂದು ನಿವೃತ್ತ ಶಾಲಾ ಮಾಸ್ತರೊಬ್ಬರದು. ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವುದು, ಕಾಳುಮೆಣಸನ್ನು ಹಿಪ್ಪಲಿ ಗಿಡಕ್ಕೆ ಕಸಿ ಕಟ್ಟುವುದು ಇತ್ಯಾದಿಗಳನ್ನು ಅವರು ತಮ್ಮ ತೋಟದಲ್ಲೇ ನಿಂತು ಕನ್ನಡದಲ್ಲಿ ತೋರಿಸುತ್ತಾರೆ. ಇದನ್ನು ನೋಡುವವರು ಗಡಿಯ ಆಚೆ ಪುತ್ತೂರು, ಸುಳ್ಯದಲ್ಲೂ ಇದ್ದಾರೆ. ಅಲ್ಲಿನ ಕೃಷಿಕರೊಬ್ಬರು ಫೋನ್ ಮಾಡಿ, "ಮಾಸ್ತರೇ, ಕಸಿ ಗಿಡಕ್ಕೆ ಮುಂಗಡ ಕಳುಹಿಸಿದ್ದೆನಲ್ಲ, ಗಿಡ ಯಾವಾಗ ಬರುತ್ತದೆ?" ಎಂದು ಕೇಳಿದಾಗ ವಿಷಯ ಬಯಲಾಯಿತು. ಮಾಸ್ತರು ಯಾವತ್ತೂ ಗಿಡ ಮಾರಿದವರಲ್ಲ. ಅದೇ ಹೆಸರು, ಅದೇ ಮುಖಚಿತ್ರ, ಅವೇ ವಿಡಿಯೊಗಳಿರುವ ಇನ್ನೊಂದು ಚಾನೆಲ್‌ನಲ್ಲಿ ಪ್ರತಿ ವಿಡಿಯೊದ ಕೆಳಗೂ ಯಾರದೋ ವಾಟ್ಸಾಪ್ ಸಂಖ್ಯೆ ಇತ್ತು.

ಯೂಟ್ಯೂಬ್‌ನಲ್ಲಿ ಚಾನೆಲ್‌ನ ಹೆಸರು ಯಾರ ಸ್ವತ್ತೂ ಅಲ್ಲ. ಒಂದೇ ಹೆಸರಿನಲ್ಲಿ ಎಷ್ಟು ಚಾನೆಲ್‌ಗಳೂ ಇರಬಹುದು. ಒಬ್ಬರಿಗೊಂದರಂತೆ ಇರುವುದು @ ಚಿಹ್ನೆಯಿಂದ ಶುರುವಾಗುವ ಹ್ಯಾಂಡಲ್. ನಕಲಿಯವನು ಮಾಸ್ತರ ಹ್ಯಾಂಡಲ್‌ನ ಕೊನೆಗೆ ಒಂದು ಅಡಿಗೆರೆ ಸೇರಿಸಿಕೊಂಡಿದ್ದ. ಆದರೆ ಹ್ಯಾಂಡಲ್ ಅನ್ನೂ ಬದಲಾಯಿಸಬಹುದು, 14 ದಿನಗಳಲ್ಲಿ ಎರಡು ಸಲ. ಬದಲಾಗದೆ ಉಳಿಯುವುದು ಚಾನೆಲ್ ಐಡಿ. ಚಾನೆಲ್‌ನ ವಿವರಣೆಯನ್ನು ತೆರೆದು, ಹಂಚಿಕೊಳ್ಳುವ ಗುಂಡಿಯನ್ನು ಒತ್ತಿ ಅದನ್ನು ನಕಲಿಸಿಕೊಳ್ಳಬಹುದು. ವಿಳಾಸವಾಗಿ ಬರೆದರೆ ಅದರ ರೂಪ ಹೀಗಿರುತ್ತದೆ:

```
https://www.youtube.com/channel/UC...
```

ದೂರು ಕೊಡುವ ಮೊದಲು ನಾನು ಮಾಡಿದ ಕೆಲಸ ಇದು. ನಕಲಿಯ ಐಡಿ, ಹ್ಯಾಂಡಲ್, ಅವನ ಪ್ರತಿ ವಿಡಿಯೊದ ಕೊಂಡಿ ಮತ್ತು ಪ್ರಕಟವಾದ ದಿನಾಂಕ ಒಂದು ಹಾಳೆಯ ಎಡಗಡೆಗೆ. ಅದೇ ಸಾಲಿನ ಬಲಗಡೆಗೆ ಮಾಸ್ತರ ಮೂಲ ವಿಡಿಯೊದ ಕೊಂಡಿ ಮತ್ತು ದಿನಾಂಕ. ಕಂಪ್ಯೂಟರಿನಲ್ಲಿ ಪುಟವನ್ನು ಪೂರ್ತಿಯಾಗಿ, ಮೇಲಿನ ವಿಳಾಸಪಟ್ಟಿಯೂ ಗಡಿಯಾರವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆ. ಮೊಬೈಲ್ ಆ್ಯಪ್‌ನ ಸ್ಕ್ರೀನ್‌ಶಾಟ್‌ನಲ್ಲಿ ವಿಳಾಸ ಕಾಣುವುದಿಲ್ಲವಾದ್ದರಿಂದ ಅದು ಅರ್ಧ ಸಾಕ್ಷ್ಯ ಅಷ್ಟೇ. ಹಾಗೆ ನೋಡಿದರೆ ವೇದಿಕೆಗಳು ಮೊದಲು ಕೇಳುವುದು ಕೊಂಡಿಗಳನ್ನು. ಸ್ಕ್ರೀನ್‌ಶಾಟ್‌ಗಳ ಕಟ್ಟು ಮುಖ್ಯವಾಗಿ ಪೊಲೀಸರಿಗೆ, ಮತ್ತು ನಕಲಿಯವನು ಎಲ್ಲವನ್ನೂ ಅಳಿಸಿಬಿಟ್ಟರೆ ನಮಗೆ.

ಇಲ್ಲಿ ಒಂದು ತಮಾಷೆಯೂ ಇತ್ತು. ಮಾಸ್ತರು ಚಾನೆಲ್ ತೆರೆದದ್ದು 2020ರಲ್ಲಿ. ನಕಲಿ ಚಾನೆಲ್‌ನ ವಿವರಣೆಯಲ್ಲಿ ಸೇರಿದ ವರ್ಷ 2016 ಎಂದಿತ್ತು! ಮಾಸ್ತರು ಕಂಗಾಲಾದರು. "ಹಾಗಾದರೆ ನಾನೇ ನಕಲಿಯೋ ಮಾರಾಯ?" ಎಂದರು. ಯಾರದೋ ಹಳೆಯ ಚಾನೆಲ್ ಅನ್ನು ಕೊಂಡೋ ಕದ್ದೋ, ಅದರಲ್ಲಿದ್ದ ವಿಡಿಯೊಗಳನ್ನು ಅಳಿಸಿ ಹೆಸರು ಬದಲಿಸಿದರೆ ಸೇರಿದ ದಿನಾಂಕ ಹಳೆಯದೇ ಉಳಿಯುತ್ತದೆ. ಆದ್ದರಿಂದ ಚಾನೆಲ್‌ಗಳ ವಯಸ್ಸಿನ ಮೇಲೆ ವಾದ ಹೂಡಬಾರದು. ವಿಡಿಯೊಗೆ ವಿಡಿಯೊ ಹೋಲಿಸಿ, ಯಾವುದು ಮೊದಲು ಪ್ರಕಟವಾಯಿತು ಎಂದು ತೋರಿಸಬೇಕು. ಫೇಸ್‌ಬುಕ್ ಪುಟಗಳ ವಿಷಯದಲ್ಲಿ ಇದು ಸುಲಭ. ಅಲ್ಲಿ ಪುಟದ ಪಾರದರ್ಶಕತೆ ವಿಭಾಗದಲ್ಲಿ ಪುಟ ಹುಟ್ಟಿದ ದಿನದ ಜೊತೆಗೆ ಹೆಸರು ಬದಲಾದ ಚರಿತ್ರೆಯೂ ಸಿಗುತ್ತದೆ.

ಈಗ ದೂರುಗಳ ವಿಷಯ. ಹೆಸರು ಕದ್ದದ್ದು ಒಂದು ದೂರು, ವಿಡಿಯೊ ಕದ್ದದ್ದು ಇನ್ನೊಂದು. ಎರಡಕ್ಕೂ ಅರ್ಜಿ ಬೇರೆ, ಕೇಳುವ ಪುರಾವೆ ಬೇರೆ.

ಮೊದಲನೆಯದು ಸೋಗು ಹಾಕಿದ್ದರ ಬಗ್ಗೆ. ಲಾಗಿನ್ ಆಗಿ, ನಕಲಿ ಚಾನೆಲ್‌ನ ವಿವರಣೆಯಲ್ಲಿರುವ ಬಾವುಟದ ಚಿಹ್ನೆಯಿಂದ ಚಾನೆಲ್ ಮೇಲೆಯೇ ದೂರು ಕೊಡಬೇಕು. ಕಾರಣಗಳ ಪಟ್ಟಿಯಲ್ಲಿ ಇಂಪರ್ಸನೇಶನ್ ಎಂಬುದನ್ನು ಆರಿಸಿ, ಯಾರ ಸೋಗು ಹಾಕಿದ್ದಾರೆ ಎಂದು ತಿಳಿಸಬೇಕು. ಯೂಟ್ಯೂಬ್ ಇಲ್ಲಿ ನೋಡುವುದು ಒಟ್ಟು ಚಹರೆಯನ್ನು. ಹೆಸರು, ಮುಖಚಿತ್ರ, ಮೇಲಿನ ಬ್ಯಾನರ್ ಸೇರಿ ನೋಡುಗನಿಗೆ "ಇದೇ ಆ ಚಾನೆಲ್" ಎನ್ನಿಸುವ ಹಾಗಿದೆಯೇ ಎಂಬುದೇ ಮುಖ್ಯ. ನೂರಕ್ಕೆ ನೂರು ಒಂದೇ ಆಗಿರಬೇಕೆಂದಿಲ್ಲ. ಆದರೆ ಈ ದೂರಿಗೊಂದು ದೌರ್ಬಲ್ಯವಿದೆ. ನಕಲಿಯವನು ಮುಖಚಿತ್ರವನ್ನೂ ಹೆಸರನ್ನೂ ಬದಲಿಸಿಬಿಟ್ಟರೆ ಪರಿಶೀಲಿಸುವವರಿಗೆ ಹೋಲಿಕೆಯೇ ಕಾಣುವುದಿಲ್ಲ. ನಮ್ಮ ಪ್ರಕರಣದಲ್ಲೂ ಅವನು ನಡುವೆ ಬೇರೆ ಹೆಸರು ಹಾಕಿಕೊಂಡ. ವಿಡಿಯೊಗಳನ್ನು ಮಾತ್ರ ಬಿಡಲಿಲ್ಲ, ಏಕೆಂದರೆ ಗಿರಾಕಿಗಳನ್ನು ತರುತ್ತಿದ್ದುದು ಅವೇ.

ಹಾಗಾಗಿ ನಾನು ಹೆಚ್ಚು ನೆಚ್ಚಿಕೊಂಡದ್ದು ಎರಡನೆಯ ದೂರನ್ನು, ಅಂದರೆ ಹಕ್ಕುಸ್ವಾಮ್ಯದ ಅಡಿಯಲ್ಲಿ ವಿಡಿಯೊ ತೆಗೆಸುವ ಅರ್ಜಿಯನ್ನು. ಇದು ಯೂಟ್ಯೂಬ್ ಸ್ಟುಡಿಯೊದೊಳಗೆ ಸಿಗುತ್ತದೆ. ಚಾನೆಲ್‌ನ ಕೊಂಡಿ ಕೊಟ್ಟು "ಎಲ್ಲವೂ ನನ್ನದೇ" ಎಂದರೆ ಇಲ್ಲಿ ನಡೆಯುವುದಿಲ್ಲ. ಒಂದೊಂದು ವಿಡಿಯೊದ ಕೊಂಡಿ, ಅದರೆದುರು ಮೂಲದ ಕೊಂಡಿ, ಒಂದು ಭಾಗ ಮಾತ್ರ ಕದ್ದಿದ್ದರೆ ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ಎಂಬುದು ಬೇಕು. ಮೊದಲೇ ಮಾಡಿಟ್ಟ ಹಾಳೆ ಇಲ್ಲಿ ಕೆಲಸಕ್ಕೆ ಬಂತು. ಜೊತೆಗೆ ಅಂಚೆ ವಿಳಾಸ, ಫೋನ್, ಇಮೇಲ್, ಹೇಳಿದ್ದು ನಿಜ ಎಂಬ ಘೋಷಣೆ, ಕೊನೆಗೆ ಸಹಿಯಾಗಿ ಕಾನೂನುಬದ್ಧ ಪೂರ್ಣ ಹೆಸರು. ಸಹಿಯ ಜಾಗದಲ್ಲಿ ಚಾನೆಲ್‌ನ ಹೆಸರು ಬರೆದರೆ ಅರ್ಜಿ ಪೂರ್ಣವಾಗುವುದಿಲ್ಲ. ಹಕ್ಕುದಾರರ ಹೆಸರು ಕೇಳುವ ಜಾಗ ಬೇರೆಯೇ ಇದೆ. ಅಲ್ಲಿ ಬರೆದದ್ದು, ತೆಗೆದ ವಿಡಿಯೊದ ಜಾಗದಲ್ಲಿ ಎಲ್ಲರಿಗೂ ಕಾಣುತ್ತದೆ. ದೂರಿದವರ ಇಮೇಲ್ ಕೂಡ ನಕಲಿಯವನ ಕೈಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿ, ಮಾಸ್ತರಿಗೆ ದೂರಿಗಾಗಿಯೇ ಒಂದು ಹೊಸ ಇಮೇಲ್ ಮಾಡಿಸಿದೆ.

ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕುವುದು ಎಂಬ ಪ್ರಶ್ನೆಯೂ ಎದ್ದಿತು. ಕ್ಯಾಮೆರಾ ಹಿಡಿದವನು ನಾನು, ಸಂಕಲಿಸಿದವನೂ ನಾನೇ. ಆದರೆ ಒಬ್ಬರು ಹಣ ಕೊಟ್ಟು ಚಿತ್ರ ಮಾಡಿಸಿಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮಾಡಿಸಿಕೊಂಡವರೇ ಅದರ ಮೊದಲ ಒಡೆಯರು ಎನ್ನುತ್ತದೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮು. ಆದ್ದರಿಂದ ಅರ್ಜಿ ಮಾಸ್ತರ ಹೆಸರಿನಲ್ಲೇ ಹೋಯಿತು. ಹಕ್ಕುಸ್ವಾಮ್ಯವನ್ನು ನೋಂದಾಯಿಸಿರಬೇಕು ಎಂಬ ಭಯ ಕೆಲವರಿಗಿದೆ. ನಮ್ಮ ಕಾಯ್ದೆಯಲ್ಲಿ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ.

ನಕಲಿಯವನು ಕೆಲವು ವಿಡಿಯೊಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕಿದ್ದ. ಹೊಂದಾಣಿಕೆ ಹುಡುಕುವ ಸಾಧನಗಳಿಂದ ತಪ್ಪಿಸಿಕೊಳ್ಳಲು ಇಂಥವರು ಹೂಡುವ ಹಳೆಯ ಉಪಾಯ ಇದು. ಬಲಗೈಯವರಾದ ಮಾಸ್ತರು ಅಲ್ಲಿ ಎಡಗೈಯಲ್ಲಿ ಚಾಕು ಹಿಡಿದು ಹಿಪ್ಪಲಿಯ ಕಾಂಡವನ್ನು ಸೀಳುತ್ತಿದ್ದರು. ಹಿಂದೆ ಗೋಡೆಗೆ ಒರಗಿಸಿದ ಗೊಬ್ಬರದ ಚೀಲದ ಮೇಲಿನ ಅಕ್ಷರಗಳು ತಲೆಕೆಳಗಲ್ಲ, ಹಿಂದುಮುಂದು. ವಿವರಣೆಯಲ್ಲಿ ನಾನು ಬರೆದದ್ದು ಅದನ್ನೇ: ಇಂತಿಷ್ಟನೇ ಸೆಕೆಂಡಿನಲ್ಲಿ ಚೀಲದ ಮೇಲಿನ ಅಕ್ಷರಗಳು ಉಲ್ಟಾ ಇವೆ, ಮೂಲದಲ್ಲಿ ಅದೇ ಸೆಕೆಂಡಿನಲ್ಲಿ ನೇರ ಇವೆ. ಅರ್ಜಿ ಓದುವವರಿಗೆ ಕನ್ನಡ ಬರುತ್ತದೆ ಎಂದು ನೆಚ್ಚಿ ಕೂರಬಾರದು. ಮಾಸ್ತರು ಏನು ಮಾತಾಡಿದರು ಎನ್ನುವುದಕ್ಕಿಂತ ಚೌಕಟ್ಟಿನೊಳಗೆ ಏನು ಕಾಣುತ್ತದೆ ಎನ್ನುವುದು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಅನ್ಯಾಯ, ಮೋಸ, ವಂಚಕ ಎಂದೆಲ್ಲ ಮಾಸ್ತರು ಬರೆಸಬೇಕೆಂದಿದ್ದ ಎರಡು ಪುಟಗಳನ್ನು ನಾನು ನಯವಾಗಿ ಬದಿಗಿಟ್ಟೆ.

ಅರ್ಜಿಯಲ್ಲಿ ಇನ್ನೊಂದು ಆಯ್ಕೆಯಿದೆ. ತಕ್ಷಣ ತೆಗೆಸಬಹುದು, ಇಲ್ಲವೇ ಏಳು ದಿನಗಳ ಗಡುವು ಕೊಟ್ಟು ಅವರಾಗಿಯೇ ತೆಗೆಯಲು ಬಿಡಬಹುದು. ತಿಳಿಯದೆ ಹಾಕಿಕೊಂಡ ಊರ ಹುಡುಗನಾದರೆ ಗಡುವು ಸರಿ. ಹಣ ವಸೂಲಿ ನಡೆಯುತ್ತಿರುವಾಗ ಏಳು ದಿನ ಕೊಡುವುದೆಂದರೆ ಇನ್ನಷ್ಟು ಜನರನ್ನು ಬಲಿ ಕೊಟ್ಟಂತೆ. ತಕ್ಷಣ ತೆಗೆಸಿದ್ದು ಸಿಂಧುವಾದರೆ ಆ ಚಾನೆಲ್ ಮೇಲೆ ಸ್ಟ್ರೈಕ್ ಎಂಬ ದಂಡದ ಗುರುತು ಬೀಳುತ್ತದೆ, 90 ದಿನಗಳೊಳಗೆ ಮೂರು ಬಿದ್ದರೆ ಚಾನೆಲ್ ಮುಚ್ಚುವ ಹಂತಕ್ಕೆ ಬರುತ್ತದೆ. ಆಚೆಯವನು ಇದನ್ನು ವಿರೋಧಿಸಿ ಪ್ರತ್ಯರ್ಜಿ ಹಾಕಬಹುದು. ಆಗ ನಾವು 10 ಕೆಲಸದ ದಿನಗಳಲ್ಲಿ ನ್ಯಾಯಾಲಯಕ್ಕೆ ಹೋದ ಪುರಾವೆ ತೋರಿಸಬೇಕು, ಇಲ್ಲದಿದ್ದರೆ ವಿಡಿಯೊ ಮರಳಬಹುದು. ಆದರೆ ಅದಕ್ಕೆ ಅವನೂ ತನ್ನ ನಿಜ ಹೆಸರು, ವಿಳಾಸ ಕೊಡಬೇಕು. ಇವನು ಕೊಡಲಿಲ್ಲ. ಚಾನೆಲ್ ಮುಚ್ಚಿತು.

ಇನ್‌ಸ್ಟಾಗ್ರಾಂನಲ್ಲಿ ಮಾಸ್ತರ ಮುಖವಿರುವ ಇನ್ನೊಂದು ಖಾತೆ ಇತ್ತು. ಅಲ್ಲಿ ಸೋಗಿನ ದೂರನ್ನು ಆ ವ್ಯಕ್ತಿಯೇ ಅಥವಾ ಅವರ ಅಧಿಕೃತ ಪ್ರತಿನಿಧಿ ಕೊಡಬೇಕು, ಸರ್ಕಾರಿ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಚಾನೆಲ್‌ನ ಹೆಸರು ಚೀಟಿಯಲ್ಲಿ ಇರುವುದಿಲ್ಲ. ನಮ್ಮ ಕಾಸರಗೋಡಿನ ಕಾರ್ಡುಗಳಲ್ಲಿ ಹೆಸರು ಇಂಗ್ಲಿಷ್ ಮತ್ತು ಮಲಯಾಳಂನಲ್ಲಿ, ಅದೂ ಮನೆತನದ ಇನಿಶಿಯಲ್‌ಗಳ ಜೊತೆ. ಆದ್ದರಿಂದ "ನನ್ನ ಚಾನೆಲ್‌ನ ಹೆಸರು ಬಳಸಿದ್ದಾರೆ" ಎನ್ನುವುದಕ್ಕಿಂತ "ನನ್ನ ಫೋಟೊ ಬಳಸಿ ನಾನೇ ಎನ್ನುತ್ತಿದ್ದಾರೆ" ಎಂದು ದೂರಿದೆವು. ಚೀಟಿಯ ಭಾವಚಿತ್ರಕ್ಕೂ ಖಾತೆಯ ಮುಖಕ್ಕೂ ಆಗ ತಾಳೆಯಾಗುತ್ತದೆ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನೇ ಕೊಡಿ.

ಹಣ ಕಳೆದುಕೊಂಡವರ ದಾರಿ ಬೇರೆ. ವೇದಿಕೆ ಖಾತೆ ಮುಚ್ಚಬಹುದು, ಹಣ ಮರಳಿಸುವುದಿಲ್ಲ. ಸುಳ್ಯದ ಆ ಕೃಷಿಕರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ಯುಪಿಐ ವ್ಯವಹಾರದ ಸಂಖ್ಯೆ ಸಹಿತ ದೂರು ದಾಖಲಿಸಿದರು. ಇದನ್ನು ಹಣ ಕೊಟ್ಟವರೇ ಮಾಡಬೇಕು, ಮತ್ತು ನಕಲಿ ಚಾನೆಲ್ ಬೀಳುವ ತನಕ ಕಾಯದೆ ಮಾಡಬೇಕು. ಚಾನೆಲ್ ಹೋದ ಮೇಲೆ ಅವರ ಕೈಯಲ್ಲಿ ಉಳಿದದ್ದು ವಾಟ್ಸಾಪ್ ಮಾತುಕತೆ ಮಾತ್ರ. ಚಾನೆಲ್‌ನ ಐಡಿಯನ್ನೂ ಸ್ಕ್ರೀನ್‌ಶಾಟ್‌ಗಳನ್ನೂ ನಾವು ಕಳುಹಿಸಿದೆವು.

ಕದ್ದ ವಿಡಿಯೊಗಳಲ್ಲಿ ಒಂದನ್ನು ನಮ್ಮ ಅರ್ಜಿಯಲ್ಲಿ ಸೇರಿಸಿರಲಿಲ್ಲ. ಅದು ಮಾಸ್ತರ ಗೆಳೆಯರೊಬ್ಬರು ತಮ್ಮ ತೋಟದಲ್ಲಿ ತಾವೇ ಚಿತ್ರಿಸಿ, ಚಾನೆಲ್‌ನಲ್ಲಿ ಹಾಕಲು ಕೊಟ್ಟಿದ್ದದ್ದು. ನಮ್ಮದಲ್ಲದ್ದನ್ನು ನಮ್ಮದೆಂದು ಘೋಷಿಸಿ ಸಹಿ ಹಾಕುವಂತಿಲ್ಲ. ಯೂಟ್ಯೂಬ್‌ನಲ್ಲಿ ಅದು ಚಾನೆಲ್‌ನೊಂದಿಗೇ ಹೋಯಿತು, ಆದರೆ ಫೇಸ್‌ಬುಕ್‌ನ ಒಂದು ಪುಟದಲ್ಲಿ ಇನ್ನೂ ಓಡುತ್ತಿದೆ. ಗೆಳೆಯರು ಗಲ್ಫ್‌ನಲ್ಲಿರುವ ಕಾರಣ ಅವರದೇ ಹೆಸರಿನ ಅರ್ಜಿಯನ್ನು ಇಲ್ಲಿ ಸಿದ್ಧಪಡಿಸಿ ಕಳುಹಿಸಿದ್ದೇನೆ. ಅವರು ಓದಿ, ಸಹಿ ಹಾಕಿ ಸಲ್ಲಿಸುವುದು ಬಾಕಿ.