ಪಂಪ್ ಪ್ಯಾನೆಲ್‌ನ ಕಟಕಟ: ಎರಡು ವಾರದ ಟಿಪ್ಪಣಿ

ಭಾನುವಾರ

ನಾಗರಬಾವಿಯಲ್ಲಿರುವ ನಮ್ಮದು ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್. ಬೇಸ್‌ಮೆಂಟ್‌ನಲ್ಲಿ 5 ಎಚ್‌ಪಿ ಬೋರ್‌ವೆಲ್ ಪಂಪಿನ ಪ್ಯಾನೆಲ್ ಇದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಆದರೆ ಈ ಡಬ್ಬದ ಉಸ್ತುವಾರಿ ಹೇಗೋ ನನ್ನ ತಲೆಗೆ ಬಿದ್ದಿದೆ. ಸಂಜೆ ವಾಚ್‌ಮನ್ ಫೋನ್ ಮಾಡಿದರು. "ಸಾರ್, ಪಂಪ್ ಡಬ್ಬ ಮಿಷನ್ ಗನ್ ಥರ ಹೊಡ್ಕೋತಿದೆ, ಬೇಗ ಬನ್ನಿ."

ಓಡಿ ಹೋಗಿ ಎಂಸಿಬಿ ಇಳಿಸಿದೆ. ಪಂಪಿಗೆ ಕರೆಂಟು ಕೊಟ್ಟು ತೆಗೆಯುವ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ಚು ಸೆಕೆಂಡಿಗೆ ಐದಾರು ಸಲ ಹಿಡಿದು ಬಿಡುತ್ತಿತ್ತು. ಇದು ಬರೀ ಗುಂಯ್ ಅನ್ನೋ ಸದ್ದಲ್ಲ. ಗುಂಯ್ ಅಂದರೆ ಒಳಗೆ ಕಾಯಿಲಿನ ಅಯಸ್ಕಾಂತ ಎಳೆದುಕೊಳ್ಳುವ ಕಬ್ಬಿಣದ ತುಂಡು, ಅಂದರೆ ಆರ್ಮೇಚರ್, ಮುಚ್ಚಿಕೊಂಡಿದೆ, ಆದರೆ ಸರಿಯಾಗಿ ಕೂತಿಲ್ಲ ಅಂತ. ಕಟಕಟ ಅಂದರೆ ಅದು ಪೂರ್ತಿ ಬಿಟ್ಟು ಮತ್ತೆ ಎಳೆಯುತ್ತಿದೆ ಅಂತ. ಪ್ರತಿ ಸಲ ಎಳೆದಾಗಲೂ ಮೋಟಾರಿನ ಸ್ಟಾರ್ಟಿಂಗ್ ಕರೆಂಟು ಮೇನ್ ಕಾಂಟ್ಯಾಕ್ಟುಗಳ ಮೇಲೆ ಕಿಡಿ ಹಾರಿಸುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಅವು ಒಂದಕ್ಕೊಂದು ಬೆಸೆದುಕೊಂಡು ಪಂಪ್ ಆಫ್ ಆಗದೇ ಇರಬಹುದು.

ಪ್ಯಾನೆಲನ್ನು ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ನೋಡಿದೆ. ಹಸಿರು ಗುಂಡಿ ಒತ್ತಿದಷ್ಟು ಹೊತ್ತು ಕಟಕಟ, ಬಿಟ್ಟರೆ ಸುಮ್ಮನೆ. ಕಾಂಟ್ಯಾಕ್ಟರ್ ಒಮ್ಮೆ ಬಿಟ್ಟರೆ ಬೆರಳು ತೆಗೆದ ಮೇಲೂ ಅದನ್ನು ಆನ್ ಇಡುವ ಹೋಲ್ಡಿಂಗ್ ಕಾಂಟ್ಯಾಕ್ಟೂ ಬಿಡುತ್ತದಲ್ವಾ, ಅದಕ್ಕೆ. ಆಟೋದಲ್ಲಿ ಮಾತ್ರ ನಿಲ್ಲುವುದೇ ಇಲ್ಲ, ಯಾಕೆಂದರೆ ಟ್ಯಾಂಕ್ ತುಂಬುವವರೆಗೂ ಲೆವೆಲ್ ಕಂಟ್ರೋಲರ್ ಒತ್ತಿ ಹಿಡಿದ ಬೆರಳಿನ ಹಾಗೆ ಇರುತ್ತದೆ.

ಸೋಮವಾರ

ಮೇನ್ ಎಂಸಿಬಿ ಇಳಿಸಿ, ಮೂರೂ ಫೇಸ್ ಮೀಟರ್‌ನಲ್ಲಿ ಸೊನ್ನೆ ಅಂತ ನೋಡಿಕೊಂಡು ಕಾಂಟ್ಯಾಕ್ಟರ್ ಬಿಚ್ಚಿದೆ. ಲೆವೆಲ್ ಕಂಟ್ರೋಲರ್‌ಗೆ ಬೇರೆ ಸಪ್ಲೈ ಇದೆ. ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಸತ್ತ ಪ್ಯಾನೆಲ್‌ನಲ್ಲೂ ಶಾಕ್ ಹೊಡೆಯುತ್ತದೆ.

ಒಳಗೆ ಇರುವೆಗಳು. ಒಂದೆರಡಲ್ಲ, ಚಿಟಿಕೆ ತುಂಬ, ಜಜ್ಜಿ ಒಣಗಿ ಕಬ್ಬಿಣದ ಮುಖಕ್ಕೆ ಅಂಟಿಕೊಂಡಿದ್ದವು. ಮೇಲೆ ಬೇಸ್‌ಮೆಂಟಿನ ಧೂಳು ಕೂತು ಕಪ್ಪು ಪದರ ಕಟ್ಟಿತ್ತು. ಉಗುರಿನಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಎದ್ದಿತು.

ಎಸಿ ಕಾಂಟ್ಯಾಕ್ಟರಿನಲ್ಲಿ ಈ ಪದರ ಯಾಕೆ ಇಷ್ಟು ಕಾಟ ಕೊಡುತ್ತದೆ ಅಂದರೆ, ಆರ್ಮೇಚರ್ ಪೂರ್ತಿ ಮುಚ್ಚಿದ ಮೇಲೆ ಮಾತ್ರ ಕಾಯಿಲ್ ಕರೆಂಟು ಇಳಿಯುತ್ತದೆ. ತೆರೆದಿರುವಾಗ ಅದು ಹಲವು ಪಟ್ಟು ಜಾಸ್ತಿ ಎಳೆಯುತ್ತದೆ. ನಡುವೆ ಇರುವೆ ಸಿಕ್ಕಿಕೊಂಡರೆ ಆ ಜಾಸ್ತಿ ಕರೆಂಟು ಇಳಿಯುವುದೇ ಇಲ್ಲ, ಹಿಡಿತವೂ ಸಡಿಲ.

ಒಣ ಬಟ್ಟೆ, ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್, ಅಷ್ಟೇ. ಈ ಮುಖಗಳನ್ನು ಸಮತಟ್ಟಾಗಿ ಉಜ್ಜಿ ಮಾಡಿರುತ್ತಾರೆ, ಆದ್ದರಿಂದ ಎಮರಿ ಪೇಪರ್, ಅರ ಮುಟ್ಟಿಸಬಾರದು. ಎಣ್ಣೆಯೂ ಬೇಡ, ಅಂಟಿಕೊಂಡು ಬಿಡುವುದು ತಡವಾಗುತ್ತದೆ. ಮುಖದ ತುದಿಯಲ್ಲಿರುವ ಪುಟ್ಟ ತಾಮ್ರದ ಉಂಗುರ ಒಡೆದಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ. 50 ಹರ್ಟ್ಸ್‌ನಲ್ಲಿ ಕಾಯಿಲಿನ ಎಳೆತ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಆ ಕ್ಷಣಗಳಲ್ಲಿ ಆರ್ಮೇಚರನ್ನು ಹಿಡಿದಿಡುವುದು ಈ ಉಂಗುರವೇ. ನಮ್ಮದು ಚೆನ್ನಾಗಿತ್ತು.

ಜೋಡಿಸಿ ಹಾಕಿದೆ. ಒಂದೇ 'ಟಕ್'. ಮನೆಗೆ ಹೋಗಿ ಕಾಫಿ ಕುಡಿದೆ.

ಬುಧವಾರ, ಸಂಜೆ 7

ಮತ್ತೆ ಕಟಕಟ. ಬೆಳಿಗ್ಗೆ ಪಂಪ್ ಸರಿಯಾಗಿ ಓಡಿತ್ತು.

ಈ ಸಲ ಎಲೆಕ್ಟ್ರಿಷಿಯನ್‌ರನ್ನು ಕರೆಸಿದೆ. ಕರೆಂಟ್ ಇರುವ ಪ್ಯಾನೆಲ್‌ನಲ್ಲಿ ಒಬ್ಬನೇ ಅಳೆಯುವ ಧೈರ್ಯ ನನಗಿಲ್ಲ. ಒಳಬರುವ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 206 ವೋಲ್ಟ್. ಬೆಳಿಗ್ಗೆ 226 ಇತ್ತು. ಕಾಯಿಲಿನ ಮೇಲೆ 240 ವೋಲ್ಟ್ ಅಂತ ಬರೆದಿದೆ. ಐಇಸಿ ಅನ್ನೋ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡದ ಪ್ರಕಾರ ಕಾಂಟ್ಯಾಕ್ಟರ್ 85 ರಿಂದ 110 ಶೇಕಡಾ ವೋಲ್ಟೇಜಿನಲ್ಲಿ ಸರಿಯಾಗಿ ಹಿಡಿಯಬೇಕು. 240ರ 85 ಶೇಕಡಾ ಅಂದರೆ 204. ಸಂಜೆ ನಮಗೆ ಉಳಿಯುವುದು ಎರಡೇ ವೋಲ್ಟಿನ ಅಂತರ. ಅದೂ ಕಾಯಿಲ್‌ವರೆಗೆ ಪೂರ್ತಿ ತಲುಪಿದರೆ.

ತಲುಪುತ್ತಿದೆಯಾ? ಕಂಟ್ರೋಲ್ ಆಫ್ ಇರುವಾಗ ಕಾಯಿಲಿನವರೆಗಿನ ಪ್ರತಿ ತುದಿಯಲ್ಲೂ ಪೂರ್ತಿ 206 ತೋರಿಸಿತು. ನಾನು ಮೋಸ ಹೋಗಿದ್ದು ಇಲ್ಲೇ. ಕರೆಂಟು ಹರಿಯದಿದ್ದರೆ ಎಂಥ ಕೆಟ್ಟ ಜಾಯಿಂಟೂ ಮೀಟರಿಗೆ ಚೆನ್ನಾಗೇ ಕಾಣುತ್ತದೆ. ಇನ್ನು ಕಟಕಟ ನಡೆಯುವಾಗ ಅಳೆದರೆ ಅಂಕಿಗಳು ಕುಣಿಯುತ್ತವೆ. 158, 190, 171. ಏನು ಓದೋದು?

ಶನಿವಾರ

ಎಲೆಕ್ಟ್ರಿಷಿಯನ್ ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. "ಕಾಯಿಲ್ ಬಿಚ್ಚಿ ಆ ಜಾಗಕ್ಕೆ ಹಳೇ ಬಲ್ಬ್ ಹಾಕಿ ಸಾರ್."

60 ವಾಟ್‌ನ ತಂತಿ ಬಲ್ಬು ಕಾಲು ಆಂಪಿಯರ್ ಎಳೆಯುತ್ತದೆ. ಕಾಯಿಲ್ ಮೊದಲು ಎಳೆಯುವ ಹೊತ್ತಿನ ಕರೆಂಟು ಹೆಚ್ಚುಕಡಿಮೆ ಅಷ್ಟೇ. ಆದರೆ ಬಲ್ಬ್ ಕುಣಿಯುವುದಿಲ್ಲ, ಹಾಗೇ ಉರಿಯುತ್ತದೆ, ನಿಧಾನವಾಗಿ ಅಳೆಯಬಹುದು. ಎಲ್‌ಇಡಿ ಬಲ್ಬ್ ಇದಕ್ಕೆ ಬೇಡ, ಅದು ಎಳೆಯುವುದು ತೀರಾ ಕಡಿಮೆ. ಮೋಟಾರ್ ಓಡದ ಹಾಗೆ ಪವರ್ ವೈರ್ ಬಿಚ್ಚಿಟ್ಟು, ಕಾಯಿಲಿನ ಎರಡು ತುದಿಗಳಾದ ಎ1, ಎ2ಗೆ ಬರುವ ವೈರುಗಳಿಗೆ ಬಲ್ಬ್ ಹಾಕಿ ಕಂಟ್ರೋಲ್ ಆನ್ ಮಾಡಿದೆವು. ಬಲ್ಬ್ ಮಂಕಾಗಿತ್ತು. ಒಳಗೆ ಬರುವುದು 224, ಬಲ್ಬಿನ ಮೇಲೆ 190.

34 ವೋಲ್ಟ್ ದಾರಿಯಲ್ಲೇ ಮಾಯ. ಹುಡುಕಲು ಒಂದು ಪ್ರೋಬ್ ಒಳಬರುವ ಫೇಸ್ ಮೇಲಿಟ್ಟು, ಇನ್ನೊಂದನ್ನು ಫೇಸ್ ದಾರಿಯುದ್ದಕ್ಕೂ ಸರಿಸಿದೆವು. ಲೆವೆಲ್ ಕಂಟ್ರೋಲರ್, ಸ್ಟಾಪ್ ಗುಂಡಿ ಎಲ್ಲ ದಾಟಿ ಎ1ವರೆಗೆ ಬರೀ 3. ನಂತರ ನ್ಯೂಟ್ರಲ್ ಲಿಂಕಿನ ಮೇಲೆ ಪ್ರೋಬ್ ಇಟ್ಟು ಎ2 ಕಡೆಯಿಂದ ಅದೇ ಕೆಲಸ. ನಮ್ಮ ಪ್ಯಾನೆಲ್‌ನಲ್ಲಿ, ಮೋಟಾರಿನ ಕರೆಂಟು ಜಾಸ್ತಿಯಾದರೆ ಆಫ್ ಮಾಡುವ ಓವರ್‌ಲೋಡ್ ರಿಲೇಯ 95-96 ಕಾಂಟ್ಯಾಕ್ಟು ಈ ಬದಿಯಲ್ಲಿದೆ. ಎ2ನಲ್ಲಿ 31, 95ರಲ್ಲಿ 31, 96ರ ಸ್ಕ್ರೂ ತಲೆಯಲ್ಲೂ 31. ಅದೇ 96ಕ್ಕೆ ಹಾಕಿದ ವೈರಿನ ತಾಮ್ರದ ಮೇಲೆ ಇಟ್ಟರೆ ಅರ್ಧ ವೋಲ್ಟ್. ಒಂದೇ ಸ್ಕ್ರೂ, ಒಂದೇ ವೈರು, ಅದರ ನಡುವೆಯೇ 30 ವೋಲ್ಟ್ ಸೋರುತ್ತಿತ್ತು.

ಸಪ್ಲೈ ತೆಗೆದು ಸ್ಕ್ರೂ ತಿರುಗಿಸಿದೆ. ಬಿಗಿಯಾಗೇ ಇತ್ತು! ವೈರ್ ಎಳೆದಾಗ ಗುಟ್ಟು ಗೊತ್ತಾಯಿತು. ಪ್ಯಾನೆಲ್ ಕಟ್ಟಿದವರು ವೈರಿನ ಸಿಪ್ಪೆ ಕಮ್ಮಿ ಬಿಡಿಸಿದ್ದರು. ಸ್ಕ್ರೂ ಕಚ್ಚಿದ್ದು ಪ್ಲಾಸ್ಟಿಕ್ಕನ್ನ. ತಾಮ್ರದ ಎರಡು ಎಳೆ ಮಾತ್ರ ಹೊರಗೆ ಇಣುಕಿ ಲೋಹಕ್ಕೆ ತಾಗುತ್ತಿದ್ದವು, ಕಪ್ಪಾಗಿ. ಸುತ್ತ ಪ್ಲಾಸ್ಟಿಕ್ ಕಂದಿತ್ತು.

ವೈರ್ ಸುಟ್ಟ ಭಾಗ ಕತ್ತರಿಸಿ, ಪಿನ್ ಲಗ್ ಕ್ರಿಂಪ್ ಮಾಡಿ ಬಿಗಿ ಮಾಡಿದೆ. ಕಂಟ್ರೋಲ್ ವೈರಿಂಗಿನ ಉಳಿದ ತುದಿಗಳನ್ನೂ ಒಂದೊಂದಾಗಿ ಎಳೆದು ನೋಡಿದೆ. ನ್ಯೂಟ್ರಲ್ ಲಿಂಕಿನಲ್ಲಿ ಒಂದು ಕೈಗೇ ಬಂತು. ಮತ್ತೆ ಬಲ್ಬ್ ಹಾಕಿದಾಗ 224ಕ್ಕೆ 220.

ಈಗ ಸೋಮವಾರದ್ದೂ ಅರ್ಥವಾಯಿತು. ಇರುವೆ ತೆಗೆದಾಗ ಕಾಯಿಲ್ ಬೇಗ ಮುಚ್ಚಿಕೊಂಡು ಕರೆಂಟು ಇಳಿಯಿತು, ಕರೆಂಟು ಇಳಿದಾಗ ಕೆಟ್ಟ ಜಾಯಿಂಟಿನಲ್ಲಿ ಬೀಳುವ ವೋಲ್ಟೇಜೂ ಇಳಿಯಿತು. ಬೆಳಗಿನ 226ಕ್ಕೆ ಅಷ್ಟು ಸಾಕಾಗಿತ್ತು. ಸಂಜೆ 206 ಬಂದಾಗ ಸಾಲಲಿಲ್ಲ.

ಮುಂದಿನ ಗುರುವಾರ, ಸಂಜೆ

ಸಪ್ಲೈ 205. ಮೂರು ಸಲ ಆನ್ ಮಾಡಿಸಿದೆ, ಮೂರು ಸಲವೂ ಒಂದೇ ಟಕ್. ಮೋಟಾರ್ ಎದ್ದೇಳುವಾಗ ಕ್ಷಣ ಕಾಲ 189ಕ್ಕೆ ಇಳಿಯಿತು, ಆದರೂ ಬಿಡಲಿಲ್ಲ. ಪೂರ್ತಿ ಮುಚ್ಚಿದ ಮೇಲೆ ಹಿಡಿದಿಡಲು ಅಷ್ಟು ವೋಲ್ಟೇಜ್ ಬೇಕಿಲ್ಲ. 75 ಶೇಕಡಾ, ಅಂದರೆ 180ರ ಮೇಲೆ ಅದು ಬಿಡುವಂತಿಲ್ಲ.

220 ವೋಲ್ಟಿನ ಕಾಯಿಲ್ ಹಾಕಿದರೆ 187ಕ್ಕೇ ಹಿಡಿಯುತ್ತದೆ ಅಂತ ಎಸ್.ಪಿ. ರೋಡಿನ ಅಂಗಡಿಯವರು ಹೇಳಿದರು. ನಿಜ, ಆದರೆ ಅದರ ಮೇಲಿನ ಮಿತಿ 242. ನಡುರಾತ್ರಿ ನಮ್ಮಲ್ಲಿ 244 ನೋಡಿದ್ದೇನೆ. ಬೇಡ ಅಂದೆ. ಬದಲಿಗೆ ಮೇನ್ ಕಾಂಟ್ಯಾಕ್ಟ್ ಸೆಟ್ ಕೊಂಡೆ. ಹಳೆಯದರ ಮೇಲೆ ಬೆಳ್ಳಿ ಕರಗಿ ಸಾಸಿವೆ ಕಾಳಿನ ಹಾಗೆ ಗುಳ್ಳೆ ಎದ್ದಿವೆ. ಭಾನುವಾರ ಬದಲಿಸಬೇಕು. ವೋಲ್ಟೇಜ್ ಕಮ್ಮಿಯಾದರೆ ಪಂಪ್ ಹಾಕದೇ ಐದು ನಿಮಿಷ ಕಾಯುವ ರಿಲೇ ಒಂದನ್ನೂ ಸೇರಿಸಬೇಕು. ಅಸೋಸಿಯೇಷನ್ ಖರ್ಚಿಗೆ ಒಪ್ಪಿಲ್ಲ ಇನ್ನೂ.