ಮುಂದೆ ಬಂದ ಅಮ್ರ್

ಅರಬ್ಬಿ ವಾಕ್ಯ ಕ್ರಿಯಾಪದದಿಂದಲೇ ಶುರುವಾದರೆ ಅದು ಒತ್ತು ಅಲ್ಲ, ಮಾಮೂಲಿ ಕ್ರಮ. 'ನಸರ ಜೈದುನ್ ಅಮ್ರನ್', ಅಂದರೆ ಜೈದ್ ಅಮ್ರನಿಗೆ ಸಹಾಯ ಮಾಡಿದ. ಇಂಗ್ಲಿಷಿಗೆ ಅನುವಾದ ಮಾಡುವಾಗ ಸುಮ್ನೆ 'ಜೈದ್ ಹೆಲ್ಪ್ಡ್ ಅಮ್ರ್' ಸಾಕು.

ಕರ್ಮಪದ ಮುಂದೆ ಬಂದರೆ ಒತ್ತು ಅದರ ಮೇಲೆ, ಆಗ ಮಾತ್ರ ಎಚ್ಚರ ಬೇಕು: 'ಅಮ್ರನ್ ನಸರ ಜೈದುನ್'. ಇವತ್ತು ನಾನು ಅದೇ ಕ್ರಮದಲ್ಲಿ 'ಅಮ್ರ್ ಹೆಲ್ಪ್ಡ್ ಜೈದ್' ಅಂತ ಬರೆದುಬಿಟ್ಟೆ. ಅರ್ಥವೇ ತಲೆಕೆಳಗಾಯಿತು! ಅರಬ್ಬಿಯಲ್ಲಿ ಕೊನೆಯ 'ಅನ್' ಸಹಾಯ ಪಡೆದವನು ಯಾರು ಅಂತ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಪದದ ಜಾಗದ್ದು. ಹಾಗಾಗಿ 'ಇಟ್ ವಾಸ್ ಅಮ್ರ್ ದಟ್ ಜೈದ್ ಹೆಲ್ಪ್ಡ್' ಅನ್ನಬೇಕು. ಬೇರೆ ಯಾರಿಗೂ ಅಲ್ಲ ಅನ್ನುವ ಅರ್ಥವಿದ್ದರೆ 'ಓನ್ಲಿ ಅಮ್ರ್'.

ನಮಗೆ ಇದು ಹೊಸದಲ್ಲ, ಅಲ್ವಾ? 'ಅಮ್ರನಿಗೇ ಜೈದ್ ಸಹಾಯ ಮಾಡಿದ್ದು.' ಆ ಒಂದು 'ಏ' ಇಂಗ್ಲಿಷಿಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.